ಎಣ್ಣೆ ಖಾಲಿಯಾಗುವ ಮೊದಲೇ ಆರ್ಡರ್ ಕೊಡುವ ಲೆಕ್ಕ

ತಿಪಟೂರಿನಂಥ ಊರಿನ ಒಂದು ದಿನಸಿ ಅಂಗಡಿ ಎಂದುಕೊಳ್ಳಿ. ಒಂದು ಲೀಟರ್‌ನ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ ಅಲ್ಲಿ ದಿನಕ್ಕೆ ಸರಾಸರಿ 12 ಹೋಗುತ್ತದೆ. ಆರ್ಡರ್ ಕೊಟ್ಟ ಮೇಲೆ ಸರಕು ಅಂಗಡಿಗೆ ಬಂದಿಳಿಯಲು ಸಾಮಾನ್ಯವಾಗಿ 4 ದಿನ ಬೇಕು. ಆ 4 ದಿನದಲ್ಲಿ 48 ಪ್ಯಾಕೆಟ್ ಮಾರಾಟವಾಗುತ್ತದೆ. ಹಾಗಾಗಿ ಅಂಗಡಿಯಲ್ಲಿ ಕನಿಷ್ಠ 48 ಉಳಿದಿರುವಾಗಲೇ ಆರ್ಡರ್ ಹೋಗಬೇಕು. ಹೀಗೆ ‘ಇಷ್ಟಕ್ಕೆ ಇಳಿದರೆ ತರಿಸಬೇಕು’ ಎಂದು ಗೊತ್ತು ಮಾಡಿದ ಮಟ್ಟವೇ ರೀಆರ್ಡರ್ ಪಾಯಿಂಟ್.

ಈ ಲೆಕ್ಕ ಮೊದಲು ಎಡವುವುದು ಸರಾಸರಿಯಲ್ಲಿ. ತಿಂಗಳಿಗೆ 300 ಪ್ಯಾಕೆಟ್ ಮಾರಿದ್ದೇವೆ, 30 ದಿನಕ್ಕೆ ಭಾಗಿಸಿದರೆ ದಿನಕ್ಕೆ 10 ಎಂದು ಬರೆದಿಟ್ಟುಕೊಳ್ಳುವವರು ಬಹಳ. ಆದರೆ ಆ ತಿಂಗಳಲ್ಲಿ 5 ದಿನ ಎಣ್ಣೆಯೇ ಇರಲಿಲ್ಲ ಎಂದಾದರೆ ಮಾರಾಟ ನಡೆದದ್ದು 25 ದಿನ ಮಾತ್ರ, ನಿಜವಾದ ಸರಾಸರಿ 12. ‘ಎಣ್ಣೆ ಇಲ್ವಾ ಅಣ್ಣಾ?’ ಎಂದು ಕೇಳಿ ಪಕ್ಕದ ಅಂಗಡಿಗೆ ಹೋದವರು ಬಿಲ್ ಪುಸ್ತಕದಲ್ಲಿ ಕಾಣುವುದಿಲ್ಲ. 10 ಎಂದೇ ನಂಬಿದರೆ ಮುಂದಿನ ಆರ್ಡರ್ ತಡವಾಗುತ್ತದೆ, ಸರಕು ಮತ್ತೆ ಖಾಲಿಯಾಗುತ್ತದೆ, ಸರಾಸರಿ ಇನ್ನೂ ಕೆಳಗಿಳಿಯುತ್ತದೆ. ಆದ್ದರಿಂದ ಸರಕು ಇಲ್ಲದ ದಿನಗಳನ್ನು ಬಿಟ್ಟು ಭಾಗಿಸಬೇಕು.

ಸರಾಸರಿ ಸರಿಯಾದರೂ 48 ಸಾಲದು. ಸರಾಸರಿ 12 ಎಂದರೆ ಕೆಲವು ದಿನ 8, ಕೆಲವು ದಿನ 18. ಡಿಸ್ಟ್ರಿಬ್ಯೂಟರ್ ಗಾಡಿಯೂ ಒಮ್ಮೊಮ್ಮೆ 6ನೇ ದಿನಕ್ಕೆ ಬರುತ್ತದೆ. ಈ ಎರಡು ಏರುಪೇರಿಗಾಗಿ ಇಟ್ಟುಕೊಳ್ಳುವ ಹೆಚ್ಚುವರಿಯೇ ಸೇಫ್ಟಿ ಸ್ಟಾಕ್. ಅದನ್ನು ಲೆಕ್ಕ ಹಾಕುವ ಸುಲಭ ದಾರಿ ಇದು: ಹೆಚ್ಚೆಂದರೆ ದಿನಕ್ಕೆ 18 ಪ್ಯಾಕೆಟ್, ಹೆಚ್ಚೆಂದರೆ 6 ದಿನ, ಗುಣಿಸಿದರೆ 108. ಅದರಲ್ಲಿ ಸಾಮಾನ್ಯ ಅಗತ್ಯದ 48 ಕಳೆದರೆ 60. ಸೇಫ್ಟಿ ಸ್ಟಾಕ್ 60, ರೀಆರ್ಡರ್ ಪಾಯಿಂಟ್ 108.

12 ಪ್ಯಾಕೆಟ್‌ನ ಬಾಕ್ಸ್ ಆದರೆ 108 ಎಂದರೆ ಸರಿಯಾಗಿ 9 ಬಾಕ್ಸ್. ಮೂರು ಸಾಲಿನಲ್ಲಿ ಮೂರು ಮೂರರಂತೆ ಜೋಡಿಸಿ, ಆ ಎತ್ತರಕ್ಕೆ ಗೋಡೆಯ ಮೇಲೆ ಗೆರೆ ಎಳೆದರೆ ಸಾಕು. ರಾಶಿ ಗೆರೆಗೆ ಇಳಿದ ದಿನ, ಅಂಗಡಿಯಲ್ಲಿ ಯಾರಿದ್ದರೂ ಆರ್ಡರ್ ಕೊಡಬಹುದು. ಆಗಲೇ ಕೊಟ್ಟ ಆರ್ಡರ್ ದಾರಿಯಲ್ಲಿದ್ದರೆ ಅದನ್ನೂ ಕೈಯಲ್ಲಿರುವ ಸರಕಿನ ಜೊತೆ ಕೂಡಿಸಿ ನೋಡಬೇಕು, ಇಲ್ಲವಾದರೆ ಒಂದೇ ಸರಕನ್ನು ಎರಡು ಸಲ ತರಿಸಿದಂತಾಗುತ್ತದೆ. ಸೇಫ್ಟಿ ಸ್ಟಾಕ್ ಎಂದು ಅವೇ ಬಾಕ್ಸ್‌ಗಳನ್ನು ಮೂಲೆಯಲ್ಲಿ ಕೂಡಿಸಿಡುವಂತಿಲ್ಲ. ಹಳೆಯ ತಾರೀಖಿನದು ಮೊದಲು ಹೋಗಬೇಕು, ಹೊಸದು ಆ ಜಾಗಕ್ಕೆ ಬರಬೇಕು.

ಸೇಲ್ಸ್‌ಮ್ಯಾನ್ ಸೋಮವಾರ ಮಾತ್ರ ಬಂದು ಆರ್ಡರ್ ಬರೆದುಕೊಳ್ಳುವ ಕಡೆ ಇದೇ ಲೆಕ್ಕ ನಡೆಯುವುದಿಲ್ಲ. ಮಂಗಳವಾರ ಸರಕು ಗೆರೆಗಿಂತ ಕೆಳಗಿಳಿದರೆ ಆರ್ಡರ್ ಹೋಗುವುದೇ ಮುಂದಿನ ಸೋಮವಾರ. ಆಗ 4 ದಿನಕ್ಕೆ ವಾರದ 7 ದಿನ ಸೇರಿಸಿ 11 ದಿನಕ್ಕೆ ಲೆಕ್ಕ ಹಾಕಬೇಕು. ಫೋನಿನಲ್ಲಿ ಯಾವ ದಿನವಾದರೂ ಆರ್ಡರ್ ತೆಗೆದುಕೊಳ್ಳುವ ಡಿಸ್ಟ್ರಿಬ್ಯೂಟರ್ ಸಿಕ್ಕರೆ ಉಳಿತಾಯವಾಗುವುದು ಇಲ್ಲಿಯೇ.

ಅತಿ ಹೆಚ್ಚು ಮಾರಾಟ ಮತ್ತು ಅತಿ ಹೆಚ್ಚು ತಡ ಒಟ್ಟಿಗೇ ಬರುವುದು ಅಪರೂಪ. ಆದ್ದರಿಂದ ಈ ವಿಧಾನ ಸ್ವಲ್ಪ ಧಾರಾಳವಾಗಿಯೇ ಸರಕು ಇಡಿಸುತ್ತದೆ. ಯುಗಾದಿಯ ಹಿಂದಿನ ದಿನ 40 ಹೋಯಿತೆಂದು ಅದನ್ನೇ ‘ಹೆಚ್ಚೆಂದರೆ’ ಎಂದು ಹಿಡಿದರೆ ವರ್ಷವಿಡೀ ದುಡ್ಡು ಬಾಕ್ಸ್‌ಗಳಲ್ಲಿ ಕೂತುಬಿಡುತ್ತದೆ. ಹಬ್ಬಕ್ಕೆ ಪ್ರತ್ಯೇಕವಾಗಿ ತರಿಸುವುದೇ ಸರಿ. ಬ್ರೆಡ್ಡು, ಮೊಸರಿನಂತೆ ಬೇಗ ಕೆಡುವ ಪದಾರ್ಥಕ್ಕಂತೂ ಇಷ್ಟೊಂದು ಹೆಚ್ಚುವರಿ ನಷ್ಟವೇ.

ಈಗ ಆ 60ರ ಒಳಗೆ ಇಣುಕಿ ನೋಡಿ. ಗಾಡಿ ಪ್ರತಿ ಸಲವೂ 4ನೇ ದಿನಕ್ಕೇ ಬರುವುದಾದರೆ 18ನ್ನು 4ರಿಂದ ಗುಣಿಸಿ 72, ಅದರಲ್ಲಿ 48 ಕಳೆದರೆ 24 ಪ್ಯಾಕೆಟ್ ಸಾಕು. ಉಳಿದ 36 ಪ್ಯಾಕೆಟ್, ಅಂದರೆ 3 ಬಾಕ್ಸ್, ಇರುವುದು ಗಿರಾಕಿಗಳಿಗಾಗಿ ಅಲ್ಲ, ಡಿಸ್ಟ್ರಿಬ್ಯೂಟರ್ ಮಾಡುವ ಎರಡು ದಿನದ ತಡಕ್ಕಾಗಿ. ಪ್ಯಾಕೆಟ್‌ಗೆ 140 ರೂಪಾಯಿ ಎಂದಿಟ್ಟುಕೊಂಡರೂ ಒಂದೇ ಪದಾರ್ಥದಲ್ಲಿ 5,040 ರೂಪಾಯಿ ಅಲ್ಲಿ ಸಿಕ್ಕಿಕೊಂಡಿದೆ.

ಆದ್ದರಿಂದ ಒಂದು ನೋಟ್‌ಬುಕ್ಕಿನಲ್ಲಿ ಆರ್ಡರ್ ಕೊಟ್ಟ ತಾರೀಖು, ಸರಕು ಇಳಿದ ತಾರೀಖು ಎರಡನ್ನೂ ಬರೆಯುತ್ತಾ ಹೋಗಿ. ಕೆಲವು ತಿಂಗಳಲ್ಲಿ ಯಾರು ಹೇಳಿದ ದಿನಕ್ಕೆ ಬರುತ್ತಾರೆ, ಯಾರು ತಡ ಮಾಡುತ್ತಾರೆ ಎಂಬುದು ಎದ್ದು ಕಾಣುತ್ತದೆ. ಮುಂದಿನ ಸಲ ಮತ್ತೊಬ್ಬ ಡಿಸ್ಟ್ರಿಬ್ಯೂಟರ್ ಪ್ಯಾಕೆಟ್‌ಗೆ ಒಂದು ರೂಪಾಯಿ ಕಡಿಮೆ ಮಾಡುತ್ತೇನೆ ಎಂದಾಗ, ಅವರ ಗಾಡಿ ಎಷ್ಟನೇ ದಿನಕ್ಕೆ ಬರುತ್ತದೆ ಎಂದು ಮೊದಲು ಕೇಳಿ.