ಕೊನೆಯ ರೂಪಾಯಿಗೊಂದು ದರ, ಒಟ್ಟು ಆದಾಯಕ್ಕೊಂದು ದರ

‘ಇನ್ನೊಂದು ಲಕ್ಷ ಸಂಬಳ ಏರಿದರೆ ನಾನು ಶೇ 20ರ ಸ್ಲ್ಯಾಬ್‌ಗೆ ಹೋಗುತ್ತೇನೆ. ಆಮೇಲೆ ಎಲ್ಲ ಸಂಬಳಕ್ಕೂ ಶೇ 20 ತೆರಿಗೆ. ಬಂದದ್ದೆಲ್ಲ ಅದಕ್ಕೇ ಹೋಗುತ್ತದೆ.’ ಇನ್‌ಕ್ರಿಮೆಂಟ್ ಹೊತ್ತಿಗೆ ಆಫೀಸುಗಳಲ್ಲಿ ಈ ಮಾತು ಕೇಳಿಬರುತ್ತದೆ. ಇದು ತಪ್ಪು ಲೆಕ್ಕ. ಸ್ಲ್ಯಾಬ್ ದಾಟಿದಾಗ ಹೊಸ ದರ ಬೀಳುವುದು ದಾಟಿದ ಹಣಕ್ಕೆ ಮಾತ್ರ.

2025-26ರ ಹಣಕಾಸು ವರ್ಷದ ಹೊಸ ಪದ್ಧತಿಯನ್ನೇ ತೆಗೆದುಕೊಳ್ಳೋಣ. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ. 4ರಿಂದ 8 ಲಕ್ಷದವರೆಗಿನ ಭಾಗಕ್ಕೆ ಶೇ 5, ಮುಂದಿನ 4 ಲಕ್ಷಕ್ಕೆ ಶೇ 10, ಅದರ ಮುಂದಿನ 4 ಲಕ್ಷಕ್ಕೆ ಶೇ 15. 16 ಲಕ್ಷ ದಾಟಿದರೆ ಶೇ 20. ಮೇಲೆ ಇನ್ನೂ ಎರಡು ಸ್ಲ್ಯಾಬ್‌ಗಳಿವೆ, ನಮಗೆ ಈಗ ಅವು ಬೇಡ.

ಒಬ್ಬರ ವಾರ್ಷಿಕ ಸಂಬಳ 16,75,000 ರೂಪಾಯಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ತೆರಿಗೆಗೆ ಒಳಪಡುವ ಆದಾಯ 16 ಲಕ್ಷ. ಎರಡನೆಯ 4 ಲಕ್ಷಕ್ಕೆ 20,000, ಮೂರನೆಯದಕ್ಕೆ 40,000, ನಾಲ್ಕನೆಯದಕ್ಕೆ 60,000. ಒಟ್ಟು ತೆರಿಗೆ 1,20,000 ರೂಪಾಯಿ. ಈಗ ಅವರ ಸಂಬಳ ಒಂದು ಲಕ್ಷ ಏರಿತು, ಆದಾಯ 17 ಲಕ್ಷವಾಯಿತು. ಹಳೆಯ 16 ಲಕ್ಷದ ಮೇಲಿನ 1,20,000 ಹಾಗೆಯೇ ಇರುತ್ತದೆ. ಹೊಸ ಒಂದು ಲಕ್ಷಕ್ಕಷ್ಟೇ ಶೇ 20, ಅಂದರೆ 20,000. ಒಟ್ಟು 1,40,000. ಏರಿದ ಲಕ್ಷದಲ್ಲಿ 80,000 ಅವರ ಕೈಗೇ ಬಂತು.

ಕೊನೆಗೆ ಬಂದ ಹಣಕ್ಕೆ ಬೀಳುವ ಈ ಶೇ 20 ಮಾರ್ಜಿನಲ್ ದರ. ಒಟ್ಟು ತೆರಿಗೆಯನ್ನು ಒಟ್ಟು ಆದಾಯದಿಂದ ಭಾಗಿಸಿದರೆ ಸಿಗುವುದು ಸರಾಸರಿ ದರ. 1,40,000ವನ್ನು 17 ಲಕ್ಷದಿಂದ ಭಾಗಿಸಿ ನೋಡಿ: ಸುಮಾರು ಶೇ 8.2. ‘ನಾನು ಶೇ 20 ತೆರಿಗೆ ಕಟ್ಟುವವನು’ ಎಂದು ಹೇಳಿಕೊಳ್ಳುವವರು ನಿಜವಾಗಿ ಕಟ್ಟುತ್ತಿರುವುದು ಅದರ ಅರ್ಧಕ್ಕಿಂತ ಕಡಿಮೆ. (ತೆರಿಗೆಯ ಮೇಲೆ ಶೇ 4 ಸೆಸ್ ಇದೆ. ಅದನ್ನು ಸೇರಿಸಿದರೆ ಮಾರ್ಜಿನಲ್ ದರ ಶೇ 20.8, ಸರಾಸರಿ ಸುಮಾರು ಶೇ 8.6.)

ಹಾಗಾದರೆ ಯಾವ ದರವನ್ನು ಎಲ್ಲಿ ಬಳಸಬೇಕು? ವರ್ಷದ ಆದಾಯದಲ್ಲಿ ಎಷ್ಟು ಪಾಲು ತೆರಿಗೆಗೆ ಹೋಯಿತು ಎಂದು ತಿಳಿಯಲು ಸರಾಸರಿ ಸಾಕು. ಮುಂದೆ ಏನು ಮಾಡಬೇಕೆಂದು ತೀರ್ಮಾನಿಸುವಾಗ ಮಾತ್ರ ಮಾರ್ಜಿನಲ್ ದರವೇ ಬೇಕು. ಇದೇ ವ್ಯಕ್ತಿ ಒಂದು ಲಕ್ಷವನ್ನು ಶೇ 7ರ ಎಫ್.ಡಿ.ಯಲ್ಲಿ ಇಟ್ಟರೆ ವರ್ಷಕ್ಕೆ 7,000 ಬಡ್ಡಿ. ಆ ಬಡ್ಡಿ ಸಂಬಳದ ಮೇಲೆ ಬಂದು ಕೂರುವುದರಿಂದ ಅದಕ್ಕೆ ಶೇ 8.6 ಅಲ್ಲ, ಶೇ 20.8 ತೆರಿಗೆ: 1,456 ರೂಪಾಯಿ. ಕೈಗೆ ಉಳಿಯುವುದು 5,544. ಅಲ್ಲಿಗೆ ಶೇ 7ರ ಠೇವಣಿ ಅವರ ಪಾಲಿಗೆ ಶೇ 5.5ರದ್ದು. ಬ್ಯಾಂಕ್ ಬಡ್ಡಿಯಲ್ಲಿ ಶೇ 10 ಟಿ.ಡಿ.ಎಸ್. ಹಿಡಿದರೆ ತೆರಿಗೆ ಮುಗಿಯಿತು ಎಂದುಕೊಳ್ಳುವವರೂ ಇದ್ದಾರೆ. ಅಂಥವರು ರಿಟರ್ನ್ ಸಲ್ಲಿಸುವಾಗ ಉಳಿದ ಶೇ 10.8ನ್ನು ಕಟ್ಟಬೇಕಾಗುತ್ತದೆ.

ಆರಂಭದ ಆ ಭಯ ನಿಜವಾಗುವ ಜಾಗವೂ ಒಂದಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಗುವುದರಿಂದ ತೆರಿಗೆ ಸೊನ್ನೆ. ಆದಾಯ 12,10,000 ಆದರೆ ರಿಬೇಟ್ ಹೋಗಿ, ಸ್ಲ್ಯಾಬ್ ಲೆಕ್ಕದಲ್ಲಿ 61,500 ಬರುತ್ತದೆ. ಹತ್ತು ಸಾವಿರ ಹೆಚ್ಚು ದುಡಿದದ್ದಕ್ಕೆ ಅರುವತ್ತೊಂದೂವರೆ ಸಾವಿರ! ಈ ಅನ್ಯಾಯವನ್ನು ತಡೆಯಲೆಂದೇ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷಕ್ಕಿಂತ ಎಷ್ಟು ಹೆಚ್ಚು ಗಳಿಸಿದಿರೋ ಅದಕ್ಕಿಂತ ಹೆಚ್ಚು ತೆರಿಗೆ ಕೇಳುವುದಿಲ್ಲ. ಹಾಗಾಗಿ ತೆರಿಗೆ 10,000, ಸೆಸ್ 400. ಗಳಿಸಿದ ಹತ್ತು ಸಾವಿರವೂ ಹೋಗಿ, ಮೇಲೆ 400 ಕೈಯಿಂದ ಕೊಡಬೇಕು. ಇಲ್ಲಿ ಸರಾಸರಿ ದರ ಶೇ 1ನ್ನೂ ಮುಟ್ಟುವುದಿಲ್ಲ, ಮಾರ್ಜಿನಲ್ ದರ ಮಾತ್ರ ಶೇ 104. ಆದಾಯ ಸುಮಾರು 12,70,600 ತಲುಪುವವರೆಗೂ ಇದೇ ಸ್ಥಿತಿ. ಅಲ್ಲಿಂದಾಚೆ ದರ ಮತ್ತೆ ಶೇ 15ಕ್ಕೆ ಇಳಿಯುತ್ತದೆ.

ಸಂಬಳದಾರರಿಗೆ ಈ ಇಕ್ಕಟ್ಟು ಶುರುವಾಗುವುದು 12,75,000 ದಾಟಿದ ಮೇಲೆ. ನಿಮ್ಮ ಸಂಬಳ ಅದಕ್ಕಿಂತ ತುಸುವೇ ಹೆಚ್ಚಿದ್ದರೆ, ಅದರ ಒಂದು ಭಾಗವನ್ನು ಕಂಪನಿಯ ವಂತಿಗೆಯಾಗಿ ಎನ್.ಪಿ.ಎಸ್.ಗೆ ಹಾಕಲು ಸಾಧ್ಯವೇ ಎಂದು ಅಕೌಂಟ್ಸ್ ವಿಭಾಗವನ್ನು ವರ್ಷದ ಆರಂಭದಲ್ಲೇ ಕೇಳಿ. ಹೊಸ ಪದ್ಧತಿಯಲ್ಲೂ ಆ ವಂತಿಗೆಗೆ ಮಿತಿಯೊಳಗೆ ವಿನಾಯಿತಿ ಇದೆ. ಆದಾಯ 12 ಲಕ್ಷಕ್ಕೆ ಇಳಿದರೆ ತೆರಿಗೆ ಪೂರ್ತಿ ಉಳಿಯುತ್ತದೆ.