ಹಂಟಿಂಗ್ ಆಗುವ ವಾಲ್ವ್, ಒಂದು ಇ-ಮೇಲ್

"ವಾಲ್ವ್ ಹಂಟಿಂಗ್ ಆಗ್ತಿದೆ ಸರ್." ಕಾರ್ಖಾನೆಯ ಕಂಟ್ರೋಲ್ ರೂಮಿನಿಂದ ಹೀಗೊಂದು ಫೋನ್ ಬಂತೆಂದರೆ ಇನ್‌ಸ್ಟ್ರುಮೆಂಟ್ ವಿಭಾಗದವರ ಊಟ ಅರ್ಧಕ್ಕೇ ನಿಂತಿತೆಂದು ಅರ್ಥ. ನೀರಿನ ಹರಿವು ಒಂದೆಡೆ ನಿಲ್ಲದೆ ಮೇಲೆ ಕೆಳಗೆ ತೂಗಾಡುತ್ತಿದೆ, ವಾಲ್ವ್ ಅದರ ಹಿಂದೆ ಓಡುತ್ತಲೇ ಇದೆ.

ಉದಾಹರಣೆಗೆ ಗಂಟೆಗೆ 60 ಘನ ಮೀಟರ್ ನೀರು ಹಾಯಿಸುವ ಒಂದು ಪೈಪನ್ನು ತೆಗೆದುಕೊಳ್ಳೋಣ. ಅದರ ಕಂಟ್ರೋಲ್ ವಾಲ್ವಿನ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಕೂತಿರುತ್ತದೆ. ಅದೇ ಪೊಸಿಷನರ್. ಕಂಟ್ರೋಲರ್ 4ರಿಂದ 20 ಮಿಲಿಆಂಪ್‌ವರೆಗಿನ ವಿದ್ಯುತ್ತಿನಲ್ಲಿ ಆಜ್ಞೆ ಕಳಿಸುತ್ತದೆ. 12 ಎಂದರೆ ಅರ್ಧ ಆಜ್ಞೆ. ಪೊಸಿಷನರ್ ಒಂದು ಸಣ್ಣ ಲಿವರ್ ಮೂಲಕ ವಾಲ್ವಿನ ಸ್ಟೆಮ್ ಎಲ್ಲಿದೆ ಎಂದು ನೋಡಿಕೊಂಡು, ಹೇಳಿದ ಜಾಗಕ್ಕೆ ಅದು ಬರುವವರೆಗೆ ಗಾಳಿಯ ಒತ್ತಡವನ್ನು ಹೆಚ್ಚುಕಮ್ಮಿ ಮಾಡುತ್ತದೆ. ಹಳೆಯ ಪೊಸಿಷನರ್ ಕೆಟ್ಟು ಹೊಸದನ್ನು ಕೂರಿಸಿದ ಮಾರನೆಯ ದಿನವೇ ಹರಿವು 56ರಿಂದ 64ರ ನಡುವೆ ತೂಗಾಡತೊಡಗಿತು.

"ನೀವು ಕೊಟ್ಟ ಪೊಸಿಷನರ್ ಸರಿಯಿಲ್ಲ, ಬದಲಿಸಿ ಕೊಡಿ" ಎಂದು ಒಂದು ಸಾಲು ಬರೆದು ಕಳಿಸಿಬಿಡುವುದು ಸುಲಭ. ಆದರೆ ಅದರಿಂದ ವಾಲ್ವ್ ಪೂರೈಸಿದವರಿಗೆ ಏನೂ ತಿಳಿಯುವುದಿಲ್ಲ. ಅನುಭವವಿರುವ ಎಂಜಿನಿಯರ್ ಮೊದಲು ಕಂಟ್ರೋಲರನ್ನು ಮ್ಯಾನುಯಲ್‌ಗೆ ಹಾಕುತ್ತಾರೆ, ಅಂದರೆ ಆಜ್ಞೆಯನ್ನು ಒಂದೇ ಅಂಕಿಯಲ್ಲಿ ಕಟ್ಟಿಹಾಕುತ್ತಾರೆ. ಆಗಲೂ ಸ್ಟೆಮ್ ತಾನಾಗಿ ಆಡುತ್ತಿದ್ದರೆ ತಪ್ಪು ಪೊಸಿಷನರಿನಲ್ಲೋ ಸಡಿಲವಾದ ಲಿವರಿನಲ್ಲೋ ಇದೆ. ಸ್ಟೆಮ್ ನಿಂತು ಹರಿವೂ ನಿಂತರೆ ಬಿಡಿ ಉಪಕರಣವನ್ನು ದೂರುವ ಮೊದಲು ಇಡೀ ಲೂಪನ್ನು ನೋಡಬೇಕು.

ಅಷ್ಟಾದ ಮೇಲೆ ಆ ಎಂಜಿನಿಯರ್ ಬರೆದ ಇ-ಮೇಲ್ ಹೀಗಿರುತ್ತದೆ:

"ಸರ್, FCV-204 ವಾಲ್ವಿಗೆ ಹೊಸ ಪೊಸಿಷನರ್ ಹಾಕಿದ ಮೇಲೆ ಹರಿವು ಸುಮಾರು 12 ಸೆಕೆಂಡಿಗೊಮ್ಮೆ ತೂಗುತ್ತಿದೆ. ಮ್ಯಾನುಯಲ್‌ನಲ್ಲಿ ಸ್ಥಿರವಾಗಿದೆ, ಸ್ಟೆಮ್ ಆಡುವುದಿಲ್ಲ. ಕಂಟ್ರೋಲರಿನ ಟ್ಯೂನಿಂಗ್ ಮುಟ್ಟಿಲ್ಲ. ಹಗಲು 60 ಘನ ಮೀಟರ್ ಹರಿಯುವಾಗ ಮಾತ್ರ ತೊಂದರೆ. ರಾತ್ರಿ 25ಕ್ಕೆ ಇಳಿದಾಗ ಆಟೊದಲ್ಲೂ ತಣ್ಣಗಿರುತ್ತದೆ. ಮೊದಲು ಇದೇ 60ಕ್ಕೆ ಕಂಟ್ರೋಲರ್ ಶೇ. 60ರ ಆಜ್ಞೆ ಕೊಡುತ್ತಿತ್ತು, ಈಗ ಶೇ. 87 ಕೊಡುತ್ತಿದೆ. ಎರಡೂ ದಿನಗಳ ಟ್ರೆಂಡ್ ಲಗತ್ತಿಸಿದ್ದೇನೆ."

ಟ್ರೆಂಡಿನ ಗೆರೆಯ ಆಕಾರವೂ ಮಾತಾಡುತ್ತದೆ. ಗ್ಲ್ಯಾಂಡ್ ಪ್ಯಾಕಿಂಗ್ ಬಿಗಿಯಾಗಿ ಸ್ಟೆಮ್ ಅಂಟಿಕೊಂಡು ಮತ್ತೆ ಜಿಗಿಯುತ್ತಿದ್ದರೆ ಕಂಟ್ರೋಲರಿನ ಆಜ್ಞೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ, ಹರಿವು ಮೆಟ್ಟಿಲಿನಂತೆ ಹಾರುತ್ತದೆ. ಇಲ್ಲಿ ಎರಡೂ ಗೆರೆಗಳು ನುಣುಪಾದ ಅಲೆಗಳು. ಅಂದರೆ ಅಂಟುವಿಕೆಗಿಂತ ಲೂಪಿನ ಚುರುಕು ಅತಿಯಾಗಿರುವ ಸಂಭವವೇ ಹೆಚ್ಚು.

ಪತ್ರದ ಜೀವವಿರುವುದು 60 ಮತ್ತು 87 ಎಂಬ ಎರಡು ಅಂಕಿಗಳಲ್ಲಿ. ಈ ವಾಲ್ವಿನ ಒಳಗಿನ ಟ್ರಿಮ್ 'ಈಕ್ವಲ್ ಪರ್ಸೆಂಟೇಜ್' ಜಾತಿಯದು: ಮೊದಮೊದಲು ನಿಧಾನವಾಗಿ, ತೆರೆದಷ್ಟೂ ಜೋರಾಗಿ ನೀರು ಬಿಡುವಂತೆ ಅದನ್ನು ಕಡೆದಿರುತ್ತಾರೆ. ಹಾಗಾಗಿ ಪೊಸಿಷನರ್ ನೇರವಾಗಿ, ಅಂದರೆ ಲೀನಿಯರ್ ಆಗಿ ಕೆಲಸ ಮಾಡಬೇಕು, ಶೇ. 60 ಎಂದರೆ ಸ್ಟೆಮ್ ಶೇ. 60ಕ್ಕೇ ಹೋಗಬೇಕು. ಹಳೆಯದು ಹಾಗೇ ಇತ್ತು. ಇಂದಿನ ಡಿಜಿಟಲ್ ಪೊಸಿಷನರುಗಳ ಮೆನುವಿನಲ್ಲಿ ಈಕ್ವಲ್ ಪರ್ಸೆಂಟೇಜ್ ಎಂಬ ಆಯ್ಕೆಯೂ ಇರುತ್ತದೆ. ಅದನ್ನು ಆರಿಸಿಬಿಟ್ಟರೆ ಬಾಗಿದ ಗೆರೆಯ ಮೇಲೆ ಇನ್ನೊಂದು ಬಾಗಿದ ಗೆರೆ ಕೂರುತ್ತದೆ.

ಲೆಕ್ಕ ತಾಳೆಯಾಗುತ್ತದೆ. 50ಕ್ಕೆ 1ರ ಅನುಪಾತದ ಬಾಗಿದ ಗೆರೆಯಲ್ಲಿ ಸ್ಟೆಮ್ ಶೇ. 60 ತೆರೆಯಲು ಬೇಕಾದ ಆಜ್ಞೆ ಸರಿಯಾಗಿ ಶೇ. 87, ಅಂದರೆ 13.6ರ ಬದಲು 17.9 ಮಿಲಿಆಂಪ್. ಅಲ್ಲಿ ಆಜ್ಞೆ ಒಂದು ಶೇಕಡಾ ಬದಲಾದರೆ ಸ್ಟೆಮ್ ಸುಮಾರು 2.3 ಶೇಕಡಾ ಸರಿಯುತ್ತದೆ. ಹಿಂದಿನ ಟ್ಯೂನಿಂಗಿಗೆ ವಾಲ್ವ್ ಎರಡು ಪಟ್ಟಿಗಿಂತ ಹೆಚ್ಚು ಚುರುಕಾದಂತಾಯಿತು. ರಾತ್ರಿ ಸ್ಟೆಮ್ ಶೇ. 30ರ ಆಸುಪಾಸಿಗೆ ಇಳಿದಾಗ ಅದೇ ಅಂಕಿ ಬರೀ 1.2, ಹೆಚ್ಚುಕಮ್ಮಿ ಹಿಂದಿನಷ್ಟೇ. ಹಗಲಿನ ತೂಗಾಟಕ್ಕೂ ರಾತ್ರಿಯ ಶಾಂತಿಗೂ ಒಂದೇ ಕಾರಣ.

ಇಂಥ ಹೊತ್ತಿನಲ್ಲಿ ಕಂಟ್ರೋಲರಿನ ಗೇನ್ ತಗ್ಗಿಸಿದರೆ ಹಗಲಿನ ಅಲೆ ನಿಲ್ಲುತ್ತದೆ ನಿಜ. ಆದರೆ ರಾತ್ರಿ ಲೂಪ್ ಜಡವಾಗುತ್ತದೆ, ನಿಜವಾದ ತಪ್ಪು ಮೆನುವಿನೊಳಗೆ ಮುಚ್ಚಿಹೋಗುತ್ತದೆ. ಮಾಡಬೇಕಾದದ್ದು ಬೇರೆ: ಲೂಪನ್ನು ಮ್ಯಾನುಯಲ್‌ಗೆ ಹಾಕಿ, ಬೈಪಾಸ್ ಲೈನಿನಲ್ಲಿ ನೀರು ಬಿಟ್ಟು, ಸೆಟ್ಟಿಂಗನ್ನು ಲೀನಿಯರ್‌ಗೆ ತಂದು, ಶೇ. 25, 50, 75ರ ಆಜ್ಞೆ ಕೊಟ್ಟು ಸ್ಟೆಮ್‌ನ ಸ್ಕೇಲ್ ಓದಬೇಕು. ಮೂರೂ ಕಡೆ ತಾಳೆಯಾದ ಮೇಲೆ ಆಟೊಗೆ ಬಿಟ್ಟಾಗ ಆಜ್ಞೆ ಮತ್ತೆ 60ರ ಹತ್ತಿರ ನಿಂತರೆ ರೋಗ ಗುರುತಿಸಿದ್ದು ಸರಿಯೆಂದಾಯಿತು.

ವಾಲ್ವ್ ನೋಡಿಕೊಳ್ಳುವ ಗೆಳೆಯರು ಹಳೆಯ ಪೊಸಿಷನರ್ ಬಿಚ್ಚುವ ಮುನ್ನ ಅದರ ಸೆಟ್ಟಿಂಗುಗಳನ್ನೂ, ಆ ದಿನದ ಹರಿವಿಗೆ ಕಂಟ್ರೋಲರ್ ಕೊಡುತ್ತಿದ್ದ ಆಜ್ಞೆಯನ್ನೂ ದಯವಿಟ್ಟು ಬರೆದಿಟ್ಟುಕೊಳ್ಳಿ. ಆ 60 ಎಂಬ ಅಂಕಿ ಎಲ್ಲೂ ದಾಖಲಾಗದಿದ್ದರೆ 87 ತಪ್ಪೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.