ಲ್ಯಾಪ್‌ಟಾಪ್ ಒಳಗಿನ ಕೀರಲು ದನಿ

ಮೌಸ್ ಅಲ್ಲಾಡಿಸಿದರೆ ಲ್ಯಾಪ್‌ಟಾಪ್ ಒಳಗಿನಿಂದ ಸಣ್ಣಗೆ ‘ಕುಯ್ಯ್’ ಎನ್ನುತ್ತದೆ, ಕೈ ತೆಗೆದರೆ ಸುಮ್ಮನಾಗುತ್ತದೆ. ವೆಬ್ ಪುಟವನ್ನು ಮೇಲೆ ಕೆಳಗೆ ಸರಿಸಿದರೆ ಮತ್ತೆ ಶುರು. ಹಗಲಿನ ಗಲಾಟೆಯಲ್ಲಿ ಕೇಳದ ಈ ಸದ್ದು ರಾತ್ರಿ ಕೋಣೆ ನಿಶ್ಶಬ್ದವಾದಾಗ ಕಿವಿಗೆ ಚುಚ್ಚುತ್ತದೆ. ಹೆಚ್ಚಿನವರು ಮೊದಲು ಅನುಮಾನಿಸುವುದು ಫ್ಯಾನನ್ನು. ಆದರೆ ತಿರುಗುವ ಫ್ಯಾನಿಗೆ ವೇಗ ಹಿಡಿಯಲೂ ನಿಲ್ಲಲೂ ಒಂದೆರಡು ಸೆಕೆಂಡಾದರೂ ಬೇಕು. ಮೌಸ್ ಅಲುಗಿದ ಕ್ಷಣಕ್ಕೇ ಹುಟ್ಟಿ, ನಿಂತ ಕ್ಷಣಕ್ಕೇ ಅಡಗುವ ದನಿ ಫ್ಯಾನಿನದಲ್ಲ. ಅದು ಮದರ್‌ಬೋರ್ಡಿನ ಮೇಲಿನ, ತಿರುಗುವ ಭಾಗವೇ ಇಲ್ಲದ ಬಿಡಿಭಾಗಗಳ ದನಿ. ಇದನ್ನೇ ಕಾಯಿಲ್ ವೈನ್ ಎನ್ನುವುದು.

ಲ್ಯಾಪ್‌ಟಾಪ್ ಚಾರ್ಜರ್ ಕೊಡುವುದು ಸಾಮಾನ್ಯವಾಗಿ 19–20 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1 ವೋಲ್ಟ್ ಮಾತ್ರ, ಆದರೆ ಕೆಲಸ ಜೋರಾದಾಗ ಕರೆಂಟು ಹತ್ತಾರು ಆಂಪಿಯರ್. ಈ ಇಳಿಕೆಯನ್ನು ಮಾಡುವ ಸರ್ಕ್ಯೂಟು ಪ್ರೊಸೆಸರ್ ಪಕ್ಕದಲ್ಲೇ ಇರುತ್ತದೆ. ಅದು ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸುತ್ತದೆ. ಹೀಗೆ ತುಂಡು ತುಂಡಾಗಿ ಬಂದ ವಿದ್ಯುತ್ತನ್ನು ತಂತಿಯ ಸುರುಳಿಗಳೂ ಕೆಪಾಸಿಟರ್‌ಗಳೂ ಸೇರಿ ಸಮತಟ್ಟು ಮಾಡುತ್ತವೆ. ಬೋರ್ಡಿನ ಮೇಲೆ ಸಾಲಾಗಿ ಕೂತ ಬೂದು ಅಥವಾ ಕಪ್ಪು ಬಣ್ಣದ ಪುಟ್ಟ ಚೌಕಗಳೇ ಆ ಸುರುಳಿಗಳು.

ಸುರುಳಿಯೊಳಗೆ ಕರೆಂಟು ಏರಿಳಿದಾಗ ತಂತಿಯ ಸುತ್ತುಗಳ ನಡುವಿನ ಎಳೆತವೂ ಏರಿಳಿಯುತ್ತದೆ. ಜೊತೆಗೆ ನಡುವಿನ ಕಾಂತೀಯ ವಸ್ತು ಎಷ್ಟೋ ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತದೆ. ಕಾಂತೀಯತೆಯಿಂದ ಕಬ್ಬಿಣದ ಉದ್ದ ಬದಲಾಗುವುದನ್ನು ಜೇಮ್ಸ್ ಜೌಲ್ 1842ರಲ್ಲೇ ಗುರುತಿಸಿದ್ದರು. ಬೀದಿಯ ಟ್ರಾನ್ಸ್‌ಫಾರ್ಮರ್ ‘ಗುಂಯ್’ ಎನ್ನುವುದಕ್ಕೂ ಮುಖ್ಯ ಕಾರಣ ಇದೇ. ಇನ್ನು ಸಾಸಿವೆಕಾಳಿನಷ್ಟು ಚಿಕ್ಕ ಸೆರಾಮಿಕ್ ಕೆಪಾಸಿಟರ್‌ಗಳು. ಇವುಗಳಲ್ಲಿ ಬಹುಪಾಲಿನ ಒಳಗಿರುವ ಬೇರಿಯಂ ಟೈಟನೇಟ್ ಎಂಬ ವಸ್ತು ವೋಲ್ಟೇಜ್ ಬದಲಾದಂತೆಲ್ಲ ಆಕಾರ ಬದಲಿಸುತ್ತದೆ. ಆ ಚಲನೆ ನ್ಯಾನೊಮೀಟರ್‌ಗಳ ಲೆಕ್ಕದ್ದು; ಅದೊಂದೇ ಆದರೆ ಕಿವಿಗೆ ಮುಟ್ಟುವುದು ಕಷ್ಟ. ಆದರೆ ಕೆಪಾಸಿಟರ್ ಎರಡೂ ತುದಿಗಳಲ್ಲಿ ಬೋರ್ಡಿಗೆ ಬೆಸುಗೆಯಾಗಿರುವುದರಿಂದ ಬೋರ್ಡನ್ನೇ ಬಗ್ಗಿಸುತ್ತದೆ. ವೀಣೆಯ ತಂತಿಯ ದನಿಯನ್ನು ಅದರ ಕೊಡ ದೊಡ್ಡದು ಮಾಡುವ ಹಾಗೆ ಇಲ್ಲಿ ಬೋರ್ಡು ಸದ್ದನ್ನು ದೊಡ್ಡದು ಮಾಡುತ್ತದೆ. ಒಂದೇ ಮಾದರಿಯ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಕೂಗಿ ಇನ್ನೊಂದು ಸುಮ್ಮನಿರುವುದೂ ಇದರಿಂದಲೇ. ಸುರುಳಿಯ ಬಿಗಿ, ಬೆಸುಗೆ, ಬೋರ್ಡಿನ ಹಿಡಿತ ಇವುಗಳಲ್ಲಿನ ಚಿಕ್ಕ ವ್ಯತ್ಯಾಸ ಸಾಕು.

ಇಲ್ಲೊಂದು ಪ್ರಶ್ನೆ ಏಳಬೇಕು. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ 20ರಿಂದ 20,000 ಕಂಪನಗಳು. ಲಕ್ಷಾಂತರ ಸಲ ಹಚ್ಚಿ ಆರಿಸುವ ಸರ್ಕ್ಯೂಟಿನ ಸದ್ದು ನಮಗೇಕೆ ಕೇಳಬೇಕು?

ಕೇಳುವುದು ಆ ಲಕ್ಷಾಂತರದ ಲಯವಲ್ಲ, ಕೆಲಸದ ಲಯ. ಇಂದಿನ ಪ್ರೊಸೆಸರ್ ಕೆಲಸವಿಲ್ಲದ ಒಂದು ಮಿಲಿಸೆಕೆಂಡಿನಲ್ಲೂ ನಿದ್ದೆಗೆ ಜಾರುತ್ತದೆ, ಕೆಲಸ ಬಂದೊಡನೆ ಎದ್ದು ಕರೆಂಟು ಎಳೆಯುತ್ತದೆ. ಸಾಧಾರಣ ಯುಎಸ್‌ಬಿ ಮೌಸ್ ಅಲುಗುತ್ತಿರುವಾಗ ಸೆಕೆಂಡಿಗೆ 125 ಸಲ, ಗೇಮಿಂಗ್ ಮೌಸ್ ಆದರೆ 1,000 ಸಲ ಸುದ್ದಿ ಕಳಿಸುತ್ತದೆ. ಪ್ರತಿ ಸಲವೂ ಪ್ರೊಸೆಸರ್ ಎದ್ದು ಮಲಗುತ್ತದೆ. ಸುರುಳಿ, ಕೆಪಾಸಿಟರ್‌ಗಳ ಮೇಲಿನ ಭಾರವೂ ಅದೇ ಲಯದಲ್ಲಿ ಏರಿಳಿಯುತ್ತದೆ. ಸೆಕೆಂಡಿಗೆ 1,000 ಏರಿಳಿತವೆಂದರೆ ಸ್ಪಷ್ಟವಾಗಿ ಕೇಳುವ ಒಂದು ಸ್ವರ. ಕೆಲಸ ತೀರ ಕಡಿಮೆಯಿದ್ದಾಗ ವಿದ್ಯುತ್ ಉಳಿಸಲು ಈ ಸರ್ಕ್ಯೂಟು ತಾನೇ ಬಿಟ್ಟು ಬಿಟ್ಟು ಕೆಲಸ ಮಾಡುವುದೂ ಉಂಟು. ಸುಮ್ಮನೆ ತೆರೆದಿಟ್ಟ ಲ್ಯಾಪ್‌ಟಾಪ್ ಕೂಗಲು ಅದೂ ಒಂದು ಕಾರಣ.

ಗೇಮ್ ಆಡುವ ಮಕ್ಕಳು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಆಟ ನಡೆಯುವಾಗ ಇಲ್ಲದ ಕಿರಿಚಾಟ ಮೆನು ಪರದೆಗೆ ಬಂದಾಗ ಏಳುತ್ತದೆ. ಮೆನುವಿನಲ್ಲಿ ಚಿತ್ರ ಸರಳ. ವೇಗಕ್ಕೆ ಮಿತಿ ಹಾಕದಿದ್ದರೆ ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬಿಡಿಸುತ್ತದೆ. 1,500 ಚಿತ್ರ ಬಿಡಿಸಿದರೆ ಕರೆಂಟಿನ ಏರಿಳಿತವೂ 1,500 ಸಲ. ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ ಹಾಕಿ 60ಕ್ಕೆ ಮಿತಿಗೊಳಿಸಿ ನೋಡಿ. ಆ ಕೀರಲು ದನಿ ತಟ್ಟನೆ ತಗ್ಗಿದರೆ ಮೂಲ ಯಾವುದೆಂಬುದು ಖಚಿತವಾದಂತೆ. ಸೆಕೆಂಡಿಗೆ 60ರ ಲಯ ಪೂರ್ತಿ ಹೋಗುವುದಿಲ್ಲ, ಆದರೆ ಅಷ್ಟು ತಗ್ಗಿನ ಸ್ವರಕ್ಕೆ ನಮ್ಮ ಕಿವಿ ಮಂದ.

ಹೀಗೆ ಕೆಲಸವನ್ನು ಹಿಂಬಾಲಿಸುವ ದನಿ, ಮೊದಲ ದಿನದಿಂದಲೂ ಇದ್ದದ್ದಾದರೆ, ಯಂತ್ರಕ್ಕೆ ಅಪಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕಿರಿಕಿರಿ ಮಾತ್ರ ನಿಜ. ಅದಕ್ಕಾಗಿ ಬೋರ್ಡಿನ ಮೇಲೆ ಅಂಟು, ವಾರ್ನಿಷ್ ಸುರಿಯುವವರನ್ನು ದಯವಿಟ್ಟು ತಡೆಯಿರಿ. ಇಂದಿನ ಬಹಳಷ್ಟು ಸುರುಳಿಗಳು ಒತ್ತಿ ಮಾಡಿದ ಗಟ್ಟಿ ಬಿಲ್ಲೆಗಳು, ಅಂಟು ಒಳಗೆ ಇಳಿಯುವುದೇ ಇಲ್ಲ. ಕೂಗುತ್ತಿರುವುದು ಕೆಪಾಸಿಟರ್ ಆಗಿದ್ದರಂತೂ ಅಂಟು ಹಾಕಿದ್ದೇ ವ್ಯರ್ಥ.

ಹೆದರಬೇಕಾದದ್ದು ಬೇರೆ ಸದ್ದುಗಳಿಗೆ. ಚಾರ್ಜರ್‌ನ ‘ಟಿಕ್… ಟಿಕ್…’ ಅವುಗಳಲ್ಲಿ ಒಂದು. ಸುಮಾರು ಸೆಕೆಂಡಿಗೊಮ್ಮೆ ಟಿಕ್ ಎನ್ನುತ್ತ, ಅದರ ದೀಪವೂ ಅದೇ ತಾಳಕ್ಕೆ ಮಿಣುಕುತ್ತಿದ್ದರೆ, ಚಾರ್ಜರ್ ಶುರುವಾಗಲು ಯತ್ನಿಸಿ, ಎಲ್ಲೋ ಶಾರ್ಟ್ ಇದೆಯೆಂದು ತನ್ನನ್ನು ತಾನೇ ಆರಿಸಿಕೊಂಡು, ಮತ್ತೆ ಯತ್ನಿಸುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನಿಂದ ಪಿನ್ ಕಿತ್ತು ನೋಡಿ. ಟಿಕ್ ನಿಂತು ದೀಪ ಸ್ಥಿರವಾಗಿ ಉರಿದರೆ ದೋಷ ಲ್ಯಾಪ್‌ಟಾಪ್ ಕಡೆಗಿರುವ ಸಂಭವ ಹೆಚ್ಚು. ಸೆರಾಮಿಕ್ ಕೆಪಾಸಿಟರ್ ಒಂದು ಬಿರುಕುಬಿಟ್ಟು ಶಾರ್ಟ್ ಆಗುವುದು ರಿಪೇರಿಯವರಿಗೆ ಚಿರಪರಿಚಿತ, ಅದರಲ್ಲೂ ಲ್ಯಾಪ್‌ಟಾಪ್ ಕೈಜಾರಿ ಬಿದ್ದ ಮೇಲೆ. ಪಿನ್ ಕಿತ್ತ ಮೇಲೂ ಟಿಕ್ ಮುಂದುವರಿದರೆ ಚಾರ್ಜರ್ ಅಥವಾ ಅದರ ವಯರೇ ಕೆಟ್ಟಿದೆ, ಬದಲಿಸಿ. ದೀಪ ಸ್ಥಿರವಾಗಿದ್ದು, ಕಿವಿ ಹತ್ತಿರ ತಂದರೆ ಮಾತ್ರ ಕೇಳುವ ಮರ್ಮರ ಇದಲ್ಲ; ಅದು ಒಳ್ಳೆಯ ಚಾರ್ಜರ್‌ನಲ್ಲೂ ಇರುತ್ತದೆ.

ಪ್ಲಗ್ಗಿನ ಬಳಿ ಚಟಪಟ ಎಂದರೆ ಅದು ಸಡಿಲ ಸಾಕೆಟ್ಟಿನಲ್ಲಿ ಕಿಡಿ ಹಾರುತ್ತಿರುವ ಸದ್ದು. ಅಲ್ಲಿ ಬೆರಳಿಡದೆ ಮೊದಲು ಗೋಡೆಯ ಸ್ವಿಚ್ ಆರಿಸಿ. ಸುಟ್ಟ ವಾಸನೆಯೂ ಇದ್ದರೆ ಸಾಕೆಟ್ ಬದಲಿಸುವವರೆಗೆ ಅಲ್ಲಿ ಏನನ್ನೂ ಚುಚ್ಚಬೇಡಿ.

ಫ್ಯಾನಿನ ದೋಷ ಸುಲಭವಾಗಿ ಪತ್ತೆಯಾಗುತ್ತದೆ. ಬೇರಿಂಗ್ ಸವೆದ ಫ್ಯಾನ್ ಗೊರಗೊರ ಎನ್ನುತ್ತದೆ. ಲ್ಯಾಪ್‌ಟಾಪನ್ನು ಮೆಲ್ಲಗೆ ಓರೆ ಮಾಡಿದರೆ ಆ ದನಿ ಬದಲಾಗುತ್ತದೆ. ಕಾಯಿಲ್ ವೈನ್ ಹಾಗೆ ಬದಲಾಗುವುದಿಲ್ಲ. ಆದರೆ ಫ್ಯಾನ್ ಕವಚಕ್ಕೆ ಉಜ್ಜುತ್ತಿದ್ದು, ಜೊತೆಗೆ ಟಚ್‌ಪ್ಯಾಡ್ ಮೇಲೆದ್ದು ಬಂದಿದ್ದರೆ ಬ್ಯಾಟರಿ ಉಬ್ಬಿರಬಹುದು. ಆಗ ಲ್ಯಾಪ್‌ಟಾಪ್ ಆರಿಸಿ, ಚಾರ್ಜರ್ ಕಿತ್ತು, ಅದುಮದೆ ಅಂಗಡಿಗೆ ಒಯ್ಯಬೇಕು.

ವಾರಂಟಿ ಇರುವವರಿಗೊಂದು ಮಾತು. ಸರ್ವಿಸ್ ಸೆಂಟರಿನ ಗದ್ದಲದಲ್ಲಿ ಕಾಯಿಲ್ ವೈನ್ ಕೇಳುವುದೇ ಇಲ್ಲ, ‘ಇದು ಸಹಜ’ ಎಂದು ವಾಪಸ್ ಕಳಿಸುವುದೇ ಹೆಚ್ಚು. ಮನೆಯಲ್ಲೇ, ರಾತ್ರಿ, ಫೋನನ್ನು ಕೀಬೋರ್ಡಿನ ಪಕ್ಕ ಇಟ್ಟು ವಿಡಿಯೊ ಮಾಡಿಕೊಳ್ಳಿ: ಮೊದಲು ಸುಮ್ಮನೆ, ನಂತರ ಮೌಸ್ ಅಲ್ಲಾಡಿಸುತ್ತ, ಆಮೇಲೆ ಚಾರ್ಜರ್ ಕಿತ್ತು. ಹೊಸ ಲ್ಯಾಪ್‌ಟಾಪ್ ಆಗಿದ್ದರೆ ಇದನ್ನು ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ ಮಾಡಿ. ಬೋರ್ಡು ಬದಲಿಸಿದರೂ ಹೊಸ ಬೋರ್ಡು ಕೂಗಬಹುದು. ಇಡೀ ಯಂತ್ರವನ್ನೇ ಹಿಂತಿರುಗಿಸುವ ಅವಕಾಶ ಆ ಕೆಲವು ದಿನ ಮಾತ್ರ ಇರುತ್ತದೆ.